ಮೌಂಟ್ ಜಾಯ್ ಗುಡ್ಡದ ಗಾಯಕಿ

ಹನುಮಂತನಗರದವರಿಗೆ ಎರಡು ಗುಡ್ಡಗಳಿವೆ. ಒಂದು ರಾಮಾಂಜನೇಯ ಗುಡ್ಡ, ಇನ್ನೊಂದು ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಎರಡನೆಯದನ್ನು ಹಳಬರು ಇಂದಿಗೂ ನರಹರಿರಾಯನ ಗುಡ್ಡ ಎಂದೇ ಕರೆಯುತ್ತಾರೆ. ಅದರ ಇನ್ನೊಂದು ಹೆಸರು ಮೌಂಟ್ ಜಾಯ್. ಆಡಿಕೃತ್ತಿಕೆಯ ದಿನ ಕಾವಡಿ ಹೊತ್ತು ಮೆಟ್ಟಿಲು ಹತ್ತುವವರಿಗೆ ಈ ಇಂಗ್ಲಿಷ್ ಹೆಸರು ಎಲ್ಲಿಂದ ಬಂತು ಎಂದು ಕೇಳುವ ಪುರುಸೊತ್ತು ಇರುವುದಿಲ್ಲ. ನಾನೂ ಬಹಳ ವರ್ಷ ಕೇಳಿರಲಿಲ್ಲ.

ನರಹರಿರಾಯರು ಮೈಸೂರು ಸಂಸ್ಥಾನದ ಹೈಕೋರ್ಟಿನ ನ್ಯಾಯಾಧೀಶರು. ಈ ಗುಡ್ಡದಲ್ಲಿ ಥಿಯಾಸಫಿಸ್ಟರು ಮತ್ತು ಸಂಗೀತ ಸಾಹಿತ್ಯದ ರಸಿಕರು ಸೇರುತ್ತಿದ್ದರು. ನರಹರಿರಾಯರು ಮೆಚ್ಚಿ ಪೋಷಿಸಿದ ಗಾಯಕಿಯೊಬ್ಬರಿದ್ದರು, ಆ ಮೆಚ್ಚುಗೆಯಿಂದಲೇ ಗುಡ್ಡಕ್ಕೆ ‘ಆನಂದದ ಗುಡ್ಡ’ ಎಂಬರ್ಥದ ಈ ಹೆಸರಿಟ್ಟರು ಎಂದು ಹೇಳುತ್ತಾರೆ. ಆ ಗಾಯಕಿ ಬೆಂಗಳೂರು ನಾಗರತ್ನಮ್ಮ. ತಮಿಳುನಾಡಿನಲ್ಲಿ ಇವತ್ತಿಗೂ ಅವರ ಹೆಸರಿನ ಮೊದಲು ನಮ್ಮೂರಿನ ಹೆಸರೇ ಇದೆ.

ಸಂಗೀತಗಾರರನ್ನು ಯಾರು ಸಾಕಿದರು, ಸಾಕಿದವರ ಇಷ್ಟದಂತೆ ಹಾಡು ಹೇಗೆ ಬದಲಾಯಿತು, ಹಾಡುವವರ ಮಾನ ಮರ್ಯಾದೆ ಹೇಗೆ ಏರಿತು, ಹೇಗೆ ಇಳಿಯಿತು ಎಂಬುದನ್ನು ತಿಳಿಯಲು ನಾಗರತ್ನಮ್ಮನವರ ಬದುಕಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಅರಮನೆ, ದೇವಸ್ಥಾನದ ಪರಂಪರೆ, ದೊಡ್ಡ ಮನುಷ್ಯರ ಮನೆ, ದುಡ್ಡು ಕೊಟ್ಟು ಕೇಳುವ ಸಭೆ, ಗ್ರಾಮಫೋನ್ ಕಂಪನಿ, ಇವೆಲ್ಲವನ್ನೂ ಅವರು ಒಂದೇ ಜನ್ಮದಲ್ಲಿ ಕಂಡರು. ಕೊನೆಗೆ ಬೇರೆಯವರ ಆಶ್ರಯದಿಂದ ಹೊರಬಂದು ತಾವೇ ಆಶ್ರಯ ಕೊಡುವವರಾದರು. ಅವರ ಕಥೆಯ ತಿರುಳು ಆ ಕೊನೆಯ ಹೆಜ್ಜೆಯಲ್ಲಿದೆ.

ಅರಮನೆಯ ಸಂಬಳ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ದೇವದಾಸಿ ಮನೆತನ, ಹಿರಿಯರು ಮೈಸೂರು ಅರಮನೆಯಲ್ಲಿ ಹಾಡಿದವರು. ಮಗು ಮೊದಲು ಮೈಸೂರಿನಲ್ಲಿ ಅರಮನೆಯ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರ ಬಳಿ ಸಂಸ್ಕೃತ ಕಲಿಯಿತು. ಆ ಆಸರೆ ತಪ್ಪಿದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಊರೂರು ಅಲೆದು ಬೆಂಗಳೂರಿಗೆ ಬಂದರು. ಇಲ್ಲಿ ಸಿಕ್ಕ ಗುರು ಪಿಟೀಲಿನ ಮುನಿಸ್ವಾಮಪ್ಪ. ಅವರು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು, ಎಂದರೆ ತ್ಯಾಗರಾಜರ ನೇರ ಶಿಷ್ಯಪರಂಪರೆಯವರು. ಹದಿನೈದರ ಹೊತ್ತಿಗೆ ಹುಡುಗಿ ವೇದಿಕೆ ಏರಿದಳು. ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲೂ ಹಾಡಿದಳು.

ಆಗ ಮೈಸೂರಿನ ಆಸ್ಥಾನ ಎಂದರೆ ದಕ್ಷಿಣದ ಸಂಗೀತಗಾರರಿಗೆ ದೊಡ್ಡ ನೆಲೆ. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. 1855ರಲ್ಲಿ ತಂಜಾವೂರಿನ ಅರಸೊತ್ತಿಗೆ ಮುಗಿದು ಅಲ್ಲಿನ ವಿದ್ವಾಂಸರಿಗೆ ನೆಲೆ ತಪ್ಪಿತು. ಅಂಥವರನ್ನು ಕೈಬೀಸಿ ಕರೆದ ಆಸ್ಥಾನಗಳಲ್ಲಿ ಮೈಸೂರು ಮುಂದಿತ್ತು.

ಆಸ್ಥಾನ ವಿದ್ವಾಂಸರಿಗೆ ತಿಂಗಳ ಸಂಬಳ, ದಸರಾದಲ್ಲಿ ಖಿಲ್ಲತ್ತು, ವಿಶೇಷ ದಿನಗಳಲ್ಲಿ ಶಾಲು, ತೋಡಾ, ಬಿರುದು ಸಿಗುತ್ತಿದ್ದವು. ವೀಣೆ ಶೇಷಣ್ಣನವರಿಗೆ ‘ವೈಣಿಕ ಶಿಖಾಮಣಿ’ ಎಂಬ ಬಿರುದು ಬಂದದ್ದು ನಾಲ್ವಡಿ ಕೃಷ್ಣರಾಜ ಒಡೆಯರಿಂದ. ಮೈಸೂರು ವಾಸುದೇವಾಚಾರ್ಯರು ತಿರುವಯ್ಯಾರಿಗೆ ಹೋಗಿ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ ಬಳಿ ಕಲಿತದ್ದು ಅರಮನೆಯ ಖರ್ಚಿನಲ್ಲಿ. ಓದಿಸಿದ್ದೂ ಅರಮನೆ, ಅನ್ನ ಹಾಕಿದ್ದೂ ಅರಮನೆ. ಆದರೆ ಕರೆ ಬಂದಾಗ ಹೋಗಲೇಬೇಕು, ದರ್ಬಾರಿನ ಉಡುಪಿನಲ್ಲೇ ಹೋಗಬೇಕು, ದೊರೆ ಕೇಳಿದ್ದನ್ನು ನುಡಿಸಬೇಕು.

ಇದು ನಮ್ಮಲ್ಲಿ ಮಾತ್ರ ಇದ್ದ ಕಟ್ಟಲ್ಲ. 1761ರಲ್ಲಿ ಹೇಡನ್ ಎಂಬ ಸಂಗೀತಗಾರ ಎಸ್ಟರ್‌ಹಾಜಿ ದೊರೆಮನೆಯ ಕೆಲಸಕ್ಕೆ ಸೇರಿದಾಗ ಬರೆದುಕೊಟ್ಟ ಕರಾರಿನಲ್ಲಿ ಬಿಳಿ ಕಾಲುಚೀಲ ತೊಡಬೇಕೆಂಬುದರಿಂದ ಹಿಡಿದು, ತನ್ನ ರಚನೆಗಳನ್ನು ಬೇರೆಯವರಿಗೆ ಕೊಡಬಾರದೆಂಬ ತನಕ ಎಲ್ಲವೂ ಇತ್ತು. ಅದಕ್ಕೂ ಮೊದಲು, 1723ರಲ್ಲಿ, ಬಾಖ್ ಲೈಪ್‌ಸಿಗ್‌ನ ಚರ್ಚುಗಳ ಸಂಗೀತದ ಹೊಣೆ ಹೊತ್ತ. ಆ ಕೆಲಸ ಹೆಚ್ಚುಕಡಿಮೆ ಪ್ರತಿ ಭಾನುವಾರದ ಪ್ರಾರ್ಥನೆಗೂ ಒಂದು ಕ್ಯಾಂಟಾಟ ಕೇಳುತ್ತಿತ್ತು. ಮೊದಲ ಕೆಲವು ವರ್ಷಗಳಲ್ಲಿ ಅವನು ವಾರಕ್ಕೊಂದರಂತೆ ಹೊಸದು ಬರೆದ. ಅವನ ಕ್ಯಾಂಟಾಟಗಳು ಅಷ್ಟೊಂದು ಇರುವುದಕ್ಕೆ ಪ್ರತಿಭೆ ಎಷ್ಟು ಕಾರಣವೋ, ತಪ್ಪದೆ ಬರುವ ಭಾನುವಾರವೂ ಅಷ್ಟೇ ಕಾರಣ.

ನಮ್ಮ ಅರಮನೆಗೂ ಹೀಗೆ ತನ್ನದೇ ಫಸಲಿದೆ. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ತಮಿಳು ನಾಡಿನವರು. ಮೈಸೂರಿನ ಆಸ್ಥಾನ ಸೇರಿದ ಮೇಲೆ ನಾಲ್ವಡಿಯವರು ಕೇಳಿದ್ದಕ್ಕೆ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಆಸ್ಥಾನದ ಹೆಚ್ಚಿನ ವಾಗ್ಗೇಯಕಾರರು ತೆಲುಗು ಸಂಸ್ಕೃತಗಳಲ್ಲಿ ಬರೆಯುತ್ತಿದ್ದ ಕಾಲ ಅದು. ದೊರೆ ಕೇಳದಿದ್ದರೆ ಕನ್ನಡದ ಆ ಕೃತಿಗಳು ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ದಾಸರ ಪದಗಳಿಗೆ ಮಾತ್ರ ಇಂಥ ಕೇಳಿಕೆ ಬೇಕಾಗಲಿಲ್ಲ. ಗೋಪಾಳಬುಟ್ಟಿ ಹಿಡಿದು ಬೀದಿಯಲ್ಲಿ ಹಾಡಿದ ದಾಸರಿಗೆ ಅಕ್ಕಿ ಹಾಕಿದವರು ಮನೆಮನೆಯ ಹೆಂಗಸರು. ಆ ಪದಗಳ ಭಾಷೆ ಅವರ ಭಾಷೆಯೇ ಆಯಿತು.

ಜಾವಳಿ ಎಲ್ಲಿ ಹೋಯಿತು

ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಮೇಲೆ ಬೆಂಗಳೂರಿನಲ್ಲಿ ನಾಗರತ್ನಮ್ಮನವರ ಹಾಡುಗಾರಿಕೆಗೆ ಆಧಾರವಾದವರು ನರಹರಿರಾಯರಂಥ ದೊಡ್ಡ ಮನುಷ್ಯರು. ಇಲ್ಲಿ ಹಾಡು ನಡೆಯುತ್ತಿದ್ದುದು ಮನೆಯ ನಡುಹಜಾರದಲ್ಲಿ. ಜಮಖಾನದ ಮೇಲೆ ಕುಳಿತ ನಲವತ್ತು ಐವತ್ತು ಜನ, ಎಲ್ಲರೂ ತಿಳಿದವರು, ಎಲ್ಲರೂ ಹತ್ತಿರ.

ಆ ಹತ್ತಿರದಲ್ಲಿ ಬೆಳೆದ ಹಾಡು ಜಾವಳಿ. 19ನೇ ಶತಮಾನದ ಮೈಸೂರು ಆಸ್ಥಾನದಲ್ಲಿ ಕನ್ನಡದ ಜಾವಳಿಗೆ ಒಳ್ಳೆಯ ಪ್ರೋತ್ಸಾಹ ಸಿಕ್ಕಿತ್ತು. ಜಾವಳಿ ಚಿಕ್ಕದು. ಕಮಾಚು, ಬೇಹಾಗ್, ಕಾಪಿಯಂಥ ಎಳೆಯ ರಾಗಗಳು, ಓಡುವ ತಾಳ, ನಲ್ಲನ ಮೇಲೆ ನಲ್ಲೆಯ ಮುನಿಸು ಅಥವಾ ಸರಸ. ಒಂದೇ ಸಾಲನ್ನು ಐದಾರು ಸಲ ಹಾಡುತ್ತಾರೆ. ಒಂದು ಸಲ ಕೋಪ, ಒಂದು ಸಲ ಅಣಕ, ಒಂದು ಸಲ ಬೇಡಿಕೆ. ಹಾಡುವವಳ ಹುಬ್ಬು, ತುಟಿಯಂಚು, ಬೆರಳ ತುದಿ ಕಾಣಬೇಕು. ಮಾತು ಕೇಳುವವರ ಮಾತೇ ಆಗಿರಬೇಕು. ಇವಿಲ್ಲದಿದ್ದರೆ ಜಾವಳಿ ಸಪ್ಪೆ. ಸಾವಿರ ಕುರ್ಚಿಯ ಹಿಂದಿನ ಸಾಲಿಗೆ ಅದರ ಅರ್ಧ ಜೀವವೂ ತಲುಪುವುದಿಲ್ಲ.

ನಾಗರತ್ನಮ್ಮ ಕಮಾಚಿನ ಒಂದು ಕನ್ನಡ ಜಾವಳಿಯನ್ನು ಗ್ರಾಮಫೋನಿಗೆ ಹಾಡಿದ್ದಾರೆ. ಒಂದು ಮುಖಕ್ಕೆ ಹೆಚ್ಚೆಂದರೆ ಮೂರೂವರೆ ನಿಮಿಷ. ರಾಗವನ್ನು ಬೆಳೆಸಲು ಜಾಗವಿಲ್ಲ; ಪಲ್ಲವಿ ಎತ್ತಿಕೊಂಡ ಕೂಡಲೇ ಮನಸ್ಸು ಹಿಡಿಯಬೇಕು. ಹೊಸ ಪೋಷಕನಾದ ಕಂಪನಿಗೆ ಜಾವಳಿ ಹೇಳಿ ಮಾಡಿಸಿದಂತಿತ್ತು. ಗಂಡು ವಿದ್ವಾಂಸರು ‘ಕೊಂಬಿಗೆ ಹಾಡುವುದು’ ಅಗೌರವ ಎಂದು ಹಿಂಜರಿಯುತ್ತಿದ್ದಾಗ ಆ ಯಂತ್ರದ ಮುಂದೆ ಧೈರ್ಯವಾಗಿ ಕುಳಿತ ಮೊದಲಿಗರಲ್ಲಿ ದೇವದಾಸಿ ಮನೆತನಗಳ ಹೆಣ್ಣುಮಕ್ಕಳಿದ್ದರು.

ಆದರೆ ಅದೇ ವರ್ಷಗಳಲ್ಲಿ ಅವರ ಕಾಲಕೆಳಗಿನ ನೆಲ ಕುಸಿಯುತ್ತಿತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯ ಹೆಂಗಸರು ಅದನ್ನು ವಿರೋಧಿಸಿ ಅರ್ಜಿ ಹಾಕಿದರು, ಪ್ರಯೋಜನವಾಗಲಿಲ್ಲ. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಗಂಡಸರ ಪಾಲು ಮಾಡುವ ಪದ್ಧತಿ ನಿಲ್ಲಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಆದೇಶ ಸೇವೆಯ ಜೊತೆ ಸೇವೆಗಿದ್ದ ಮಾನ್ಯವನ್ನೂ, ದೇವರ ಮುಂದೆ ಹಾಡುವ ಅವರ ಹಕ್ಕನ್ನೂ ಕಿತ್ತುಕೊಂಡಿತು. ಹಾಡು ಉಳಿಯಿತು, ಬೇರೆಯವರ ಬಾಯಿಗೆ ಹೋಯಿತು. ಹಾಡುತ್ತಿದ್ದವಳಿಗೆ ಬೈಗುಳ ಉಳಿಯಿತು.

ಈ ನೋವು ನಾಗರತ್ನಮ್ಮನವರಿಗೆ ತಾವೇ ಅಚ್ಚು ಹಾಕಿಸಿದ ಪುಸ್ತಕದ ಮೂಲಕವೂ ತಟ್ಟಿತು. 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಅವಳ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’. ಅದನ್ನು ವೇಶ್ಯೆ ಬರೆದ ಅಶ್ಲೀಲ ಎಂದು ಕಂದುಕೂರಿ ವೀರೇಶಲಿಂಗಂ ಜರಿದಿದ್ದರು. ನಾಗರತ್ನಮ್ಮ ಮೂಲಪಾಠ ಹುಡುಕಿ 1910ರಲ್ಲಿ ಪೂರ್ತಿ ಕಾವ್ಯವನ್ನು ಪ್ರಕಟಿಸಿದರು. ಗಂಡಸು ಶೃಂಗಾರ ಬರೆದರೆ ಕಾವ್ಯ, ಹೆಂಗಸು ಬರೆದರೆ ಅಶ್ಲೀಲವೇ ಎಂಬುದು ಅವರ ವಾದದ ಹುರುಳು. ಸರ್ಕಾರ ಮರುವರ್ಷವೇ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆಗೆಯಲು 1947 ಬರಬೇಕಾಯಿತು. ಒಂದು ಆಸ್ಥಾನ ಸನ್ಮಾನಿಸಿದ ಕಾವ್ಯ, ಆಸ್ಥಾನ ಅಳಿದು ಪೋಷಕರು ಬದಲಾದಾಗ ಅಪರಾಧವಾಗಿತ್ತು.

ಟಿಕೆಟಿನ ಕಛೇರಿ

ಆ ಹೊತ್ತಿಗೆ ನಾಗರತ್ನಮ್ಮ ಮದರಾಸಿನಲ್ಲಿದ್ದರು. ಬೆಂಗಳೂರಿಗಿಂತ ಅಲ್ಲಿ ನಿಮ್ಮ ವಿದ್ಯೆಗೆ ಬೆಲೆ ಹೆಚ್ಚು, ಹೋಗಿ ಎಂದವರು ನರಹರಿರಾಯರೇ. ಪೋಷಕ ತನ್ನ ಅಂಗಳದಲ್ಲಿ ಕಟ್ಟಿಹಾಕದೆ ಕಳಿಸಿಕೊಟ್ಟದ್ದು ದೊಡ್ಡ ಮನಸ್ಸು. ಮದರಾಸಿನಲ್ಲಿ ರಾಜರತ್ನ ಮುದಲಿಯಾರ್ ಎಂಬ ಸಿರಿವಂತರು ನೆರವಾದರು. ಆದರೆ ನಾಗರತ್ನಮ್ಮನವರ ನಿಜವಾದ ಬಲ ಕಛೇರಿಯ ಗಳಿಕೆಯಾಗಿತ್ತು. 1934ರ ಹೊತ್ತಿಗೆ 146 ಊರುಗಳಲ್ಲಿ 1,235 ಕಛೇರಿಗಳು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಅವರೆಂದು ದಾಖಲಾಗಿದೆ. ಇನಾಮಿನ ಮೇಲೆ ಬದುಕಿದ್ದ ಮನೆತನದ ಮಗಳು ಸರ್ಕಾರಕ್ಕೆ ತೆರಿಗೆ ಕಟ್ಟುವಷ್ಟು ದುಡಿದಳು.

ಇದಕ್ಕೆ ಎದುರು ದಿಕ್ಕಿನಿಂದ ಬಂದವರು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದವರು, ಅಪಾರ ಹಣ ಕಂಡವರು. ಅವರು 1928ರಲ್ಲಿ ಮೈಸೂರು ಅರಮನೆಗೆ ಬಂದರು. ತಿಂಗಳಿಗೆ 500 ರೂಪಾಯಿ ಗೊತ್ತಾಯಿತು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಮಾರುಕಟ್ಟೆ ಗಾಯಕಿಯನ್ನು ಆಕಾಶಕ್ಕೇರಿಸಬಲ್ಲದು, ಮುಪ್ಪಿನಲ್ಲಿ ಅನ್ನ ಹಾಕುವ ಹೊಣೆ ಅದಕ್ಕಿಲ್ಲ. ಅರಮನೆಗೆ ಆ ಹೊಣೆ ಇತ್ತು. ಅರಮನೆಯನ್ನು ನೆನೆಯುವಾಗ ಇದನ್ನು ಮರೆಯಬಾರದು.

ಟಿಕೆಟು ಕೊಳ್ಳುವ ಜನ ಬಂದಾಗ ಸಂಗೀತದ ಅಳತೆಯೇ ಬದಲಾಯಿತು. ಆಸ್ಥಾನದಲ್ಲಿ ಒಂದು ರಾಗ ಗಂಟೆಗಟ್ಟಲೆ ಹರಿಯಬಹುದಿತ್ತು, ಒಂದು ಪಲ್ಲವಿಗೆ ಪಂದ್ಯ ನಡೆಯಬಹುದಿತ್ತು, ಗೆದ್ದವನಿಗೆ ತೋಡಾ. ಹಾಗಾಗಿ ರಾಗದ ಹೆಸರನ್ನೇ ಹೆಸರಿಗೆ ಅಂಟಿಸಿಕೊಂಡವರು ಹುಟ್ಟಿದರು. ನಮ್ಮವರೇ ಆದ ಭೈರವಿ ಕೆಂಪೇಗೌಡರಿಗೆ ಭೈರವಿಯೇ ಗುರುತು. ತಂಜಾವೂರಿನ ತೋಡಿ ಸೀತಾರಾಮಯ್ಯ ಸಾಲಕ್ಕೆ ತೋಡಿ ರಾಗವನ್ನೇ ಅಡವಿಟ್ಟು, ದೊರೆ ಅದನ್ನು ಬಿಡಿಸಿಕೊಟ್ಟ ಕಥೆ ಸಂಗೀತಗಾರರ ಮನೆಗಳಲ್ಲಿ ಈಗಲೂ ಇದೆ. ಸಭೆಯಲ್ಲಿ ಹಾಗಲ್ಲ. ಸಂಜೆ ಆಫೀಸು ಮುಗಿಸಿ ಬಂದವನು ಕೊನೆಯ ಬಸ್ಸಿಗೆ ಹೊರಡಬೇಕು. ಅವನಿಗೆ ಒಂದು ವರ್ಣ, ನಾಲ್ಕಾರು ಕೃತಿ, ಒಂದು ದೊಡ್ಡ ರಾಗ, ತನಿ, ಕೊನೆಗೆ ತುಕ್ಕಡ, ಎಲ್ಲವೂ ಬೇಕು. ಅರಿಯಕುಡಿ ರಾಮಾನುಜ ಅಯ್ಯಂಗಾರ್ ಕೂಡಿಸಿಕೊಟ್ಟ ಕಛೇರಿಯ ಪದ್ಧತಿ ಈ ಕೇಳುಗನಿಗೆ ಸರಿಹೊಂದಿತು, ಅದೇ ಎಲ್ಲರ ಪದ್ಧತಿಯಾಯಿತು.

ಈ ಕೇಳುಗ ಭಕ್ತಿಯನ್ನು ಬಯಸಿದ. ಅರಸರ ಕರೆಯನ್ನು ಒಲ್ಲದೆ ಉಂಛವೃತ್ತಿಯಲ್ಲಿ ಬದುಕಿದರೆನ್ನುವ ತ್ಯಾಗರಾಜರು ಅವನ ಆದರ್ಶವಾದರು. ಕೃತಿ ಕಛೇರಿಯ ನಡುಮನೆಗೆ ಬಂತು. ಜಾವಳಿ, ಪದಗಳು ಮೊದಲು ಕೊನೆಗೆ ಸರಿದವು, ಆಮೇಲೆ ಅಲ್ಲಿಂದಲೂ ಜಾರಿದವು. ಆ ಜಾಗಕ್ಕೆ ದೇವರನಾಮ ಬಂತು. ಕಛೇರಿ ವೇದಿಕೆಗೆ ದಾಸರ ಪದಗಳನ್ನು ತಂದವರಲ್ಲಿ ಮುಖ್ಯರಾದವರು ಬಿಡಾರಂ ಕೃಷ್ಣಪ್ಪನವರು, ನಾಗರತ್ನಮ್ಮನವರ ಮತ್ತೊಬ್ಬ ಗುರು. ಕನ್ನಡಕ್ಕೆ ಒಂದು ಕೈಯಲ್ಲಿ ಲಾಭ, ಇನ್ನೊಂದು ಕೈಯಲ್ಲಿ ನಷ್ಟ. ದೇವರ ಮುಂದೆ ಕನ್ನಡ ಉಳಿಯಿತು. ನಲ್ಲನ ಮುಂದೆ ಮುನಿಯುತ್ತಿದ್ದ ಕನ್ನಡ ಕಛೇರಿಯಿಂದ ಹೆಚ್ಚುಕಡಿಮೆ ಮಾಯವಾಯಿತು.

ನಮ್ಮ ಗುಡ್ಡದಿಂದ ಇಳಿದು ಸ್ವಲ್ಪ ದೂರ ಹೋದರೆ ಈ ಹೊಸ ಪೋಷಕನ ಎರಡು ಮನೆಗಳಿವೆ. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದರು. ಕೋಟೆ ಪ್ರೌಢಶಾಲೆಯ ಚಪ್ಪರದ ರಾಮನವಮಿ ಉತ್ಸವ ಅವರದು. ಪಾನಕ ಕೋಸಂಬರಿಯ ಹಬ್ಬ, ತಿಂಗಳುಗಟ್ಟಲೆ ಸಂಗೀತ. ದೇವರ ಉತ್ಸವವೆಂಬ ಹೆಸರು, ಟಿಕೆಟ್ಟು ಮತ್ತು ದಾನಿಗಳ ದುಡ್ಡು: ದೇವಸ್ಥಾನವನ್ನೂ ಸಭೆಯನ್ನೂ ಒಂದೇ ಚಪ್ಪರದಡಿ ತಂದದ್ದು ಬೆಂಗಳೂರಿನ ಜಾಣ್ಮೆ.

ಅಲ್ಲಿ ಯಾರು ಪೋಷಕ ಎಂದು ತಿಳಿಯಲು ವೇದಿಕೆ ನೋಡಬೇಕಾಗಿಲ್ಲ, ಜನರನ್ನು ನೋಡಿದರೆ ಸಾಕು. ತನಿ ಆವರ್ತನ ಆರಂಭವಾದ ಕೂಡಲೇ ಕುರ್ಚಿಗಳು ಸದ್ದು ಮಾಡುತ್ತವೆ, ಬಹಳ ಜನ ಕಾಫಿಗೆ ಏಳುತ್ತಾರೆ. ಮೃದಂಗದವರ ಸಂಭಾವನೆ ಮುಖ್ಯ ಗಾಯಕರಿಗಿಂತ ಏಕೆ ಅಷ್ಟು ಕಡಿಮೆ ಎಂಬುದಕ್ಕೆ ಉತ್ತರ ಆ ಸದ್ದಿನಲ್ಲೇ ಇದೆ. ದೇವರನಾಮ ಬೇಕೆಂಬ ಚೀಟಿಗಳು ಒಂದಾದ ಮೇಲೊಂದು ವೇದಿಕೆಗೆ ಹೋಗುತ್ತವೆ, ಗಾಯಕರು ಪಲ್ಲವಿಯನ್ನು ಮೊಟಕು ಮಾಡಿ ಅತ್ತ ತಿರುಗುತ್ತಾರೆ. ದೊರೆಯ ಹುಬ್ಬು ಮಾಡುತ್ತಿದ್ದ ಕೆಲಸವನ್ನು ಈಗ ಚೀಟಿ ಮಾಡುತ್ತದೆ.

ತಿರುವಯ್ಯಾರಿನ ಹಿಂಬಾಗಿಲು

ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರು. ಆಸ್ಥಾನದ ವಿದ್ವಾಂಸರಾಗಿದ್ದೂ ಸಂಗೀತಕ್ಕೆ ತಮ್ಮದೇ ಒಂದು ಮನೆ ಬೇಕೆಂದು ಅವರಿಗೆ ಅನ್ನಿಸಿತ್ತು. ಅವರು ತಿರುವಯ್ಯಾರಿಗೆ ಹೋದಾಗ ತ್ಯಾಗರಾಜರ ಸಮಾಧಿ ಕಾವೇರಿ ದಂಡೆಯಲ್ಲಿ ಪಾಳುಬಿದ್ದಿತ್ತು. ಅದನ್ನು ಶಿಷ್ಯೆಗೆ ಕಾಗದ ಬರೆದು ತಿಳಿಸಿದರು. ನಾಗರತ್ನಮ್ಮ ಜಾಗ ಕೊಂಡರು, ಒಡವೆ ಮಾರಿದರು. 1921ರ ಅಕ್ಟೋಬರ್ 27ರಂದು ಅಡಿಗಲ್ಲು, 1925ರ ಜನವರಿ 7ರಂದು ಪ್ರತಿಷ್ಠೆ.

ಗುಡಿ ಕಟ್ಟಿದವರು ಅವರು. ಆದರೆ ಆರಾಧನೆ ನಡೆಸುತ್ತಿದ್ದ ಎರಡು ಬಣಗಳೂ ಗಂಡಸರವು. ಎರಡರಲ್ಲೂ ಹೆಂಗಸರಿಗೆ ಹಾಡುವ ಅವಕಾಶ ಇರಲಿಲ್ಲ. ನಾಗರತ್ನಮ್ಮ ಜಗಳಕ್ಕೆ ನಿಲ್ಲದೆ 1927ರಲ್ಲಿ ಮೂರನೆಯ ಬಣ ಕಟ್ಟಿದರು. ಜನ ಅದನ್ನು ‘ಪೆಣ್ ಕಟ್ಚಿ’, ಹೆಂಗಸರ ಪಕ್ಷ ಎಂದರು. ಗುಡಿಯ ಹಿಂಭಾಗದಲ್ಲಿ ಕೂತು ಹೆಂಗಸರು ಹಾಡಿದರು. ಗಂಡಸರ ಬಣಗಳು ಉತ್ಸವ ನಡೆಸುತ್ತಿದ್ದವು, ನಿಜ. ನೆಲದ ಒಡೆತನ ಮಾತ್ರ ಈಕೆಯದು. ಅದೇ ಕೊನೆಗೆ ಗೆದ್ದಿತು. 1941ರಲ್ಲಿ ಬಣಗಳು ಒಂದಾಗಿ, ಹೆಂಗಸರೂ ಗಂಡಸರೂ ಒಂದೇ ಆರಾಧನೆಯಲ್ಲಿ ಹಾಡಿದರು.

ಈ ಬಾಗಿಲು ತೆರೆದದ್ದು ಬಿರುದಿನಿಂದಲ್ಲ, ಒಳ್ಳೆಯ ಕಂಠದಿಂದಲೂ ಅಲ್ಲ. ಕಂಠ ಅವರಿಗಿಂತ ಮೊದಲೂ ಎಷ್ಟೋ ಹೆಂಗಸರಿಗಿತ್ತು. ಅರಮನೆಯಲ್ಲಿ, ನ್ಯಾಯಾಧೀಶರ ಗುಡ್ಡದಲ್ಲಿ, ಸಭೆಯಲ್ಲಿ, ಎಲ್ಲ ಕಡೆ ಷರತ್ತು ಕೊಡುವವರದಾಗಿತ್ತು. ತಾವೇ ಕೊಡುವವರಾದಾಗ ಷರತ್ತು ಬರೆಯುವ ಕೈ ಅವರದಾಯಿತು. ಆ ಕೈಯಿಂದ ಅವರು ಬರೆಸಿದ ಉಯಿಲು ಆಸ್ತಿಯನ್ನು ಆ ಗುಡಿಗೆ ಬಿಟ್ಟುಕೊಟ್ಟಿತು. ದೇವದಾಸಿಯರೂ ಸೇರಿ ಎಲ್ಲ ಹೆಂಗಸರಿಗೂ ಅಲ್ಲಿ ಹಾಡುವ ಹಕ್ಕಿರಬೇಕೆಂಬ ಷರತ್ತನ್ನು ಇಟ್ಟಿತು. 1952ರ ಮೇ 19ರಂದು ಅವರು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಎದುರಿಗೇ ಅವರ ಸಮಾಧಿ ಇದೆ.

ಹನುಮಂತನಗರದಲ್ಲಿ ಈಗಲೂ ರಾಮನವಮಿ, ಗಣೇಶೋತ್ಸವ, ಕುಮಾರಷಷ್ಠಿಗೆ ಕಛೇರಿಗಳು ನಡೆಯುತ್ತವೆ. ಬೀದಿಯವರು ಚಂದಾ ಎತ್ತುತ್ತೇವೆ, ಶಾಲು ಫಲತಾಂಬೂಲ ಕೊಡುತ್ತೇವೆ. ಎಂದರೆ ಈಗ ಪೋಷಕರು ನಾವೇ. ಏನು ಹಾಡಬೇಕು ಎಂಬ ಚೀಟಿ ನಮ್ಮ ಕೈಯಲ್ಲಿದೆ. ಆದ್ದರಿಂದ ಉತ್ಸವ ನಡೆಸುವವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ಮೌಂಟ್ ಜಾಯ್ ಗುಡ್ಡದ ಹತ್ತಿರ ಒಂದು ಸಂಜೆಯನ್ನು ನಾಗರತ್ನಮ್ಮನವರ ಹೆಸರಿನಲ್ಲಿ ಇಡಿ. ಚಪ್ಪರ ಬೇಡ, ಐವತ್ತು ಜನ ಜಮಖಾನದ ಮೇಲೆ ಕೂರುವ ಒಂದು ಹಜಾರ ಸಾಕು. ಹಾಡಲು ಬರುವ ವಿದುಷಿಗೆ ಮೊದಲೇ ತಿಳಿಸಿ, ಕಮಾಚಿನ ಆ ಕನ್ನಡ ಜಾವಳಿಯನ್ನು ಕಲಿತು ಬರಲಿ. ಮೃದಂಗದವರಿಗೂ ಪಿಟೀಲಿನವರಿಗೂ ಅವರಷ್ಟೇ ಸಂಭಾವನೆ ಕೊಡಿ.